ಚಿತ್ರ ಮುಚ್ಚಿದ ಮೇಲೆ ಉಳಿಯುವ ಅಕ್ಷರ

ಒಂದನೇ ತರಗತಿಯ ಗೋಡೆಗೆ ವರ್ಣಮಾಲೆಯ ಪಟ ತೂಗುಹಾಕಿತ್ತು. ಆರು ವರ್ಷದ ಹುಡುಗಿಯೊಬ್ಬಳು ಕೋಲು ಹಿಡಿದು ‘ಅ ಅರಸ, ಆ ಆನೆ, ಇ ಇಲಿ’ ಎಂದು ಒಂದೂ ತಪ್ಪದೆ ಒಪ್ಪಿಸಿದಳು. ನಾನು ಇಲಿಯ ಚಿತ್ರವನ್ನು ಅಂಗೈಯಿಂದ ಮುಚ್ಚಿ, ಪಕ್ಕದ ಅಕ್ಷರ ತೋರಿಸಿ, “ಇದೇನು ಪುಟ್ಟಾ?” ಎಂದೆ. ಅವಳು ನನ್ನ ಕೈಯನ್ನೇ ನೋಡುತ್ತಾ, “ಮಿಸ್, ಇಲಿ ಕಾಣ್ತಿಲ್ಲ” ಎಂದಳು.

ಅವಳು ಓದುತ್ತಿದ್ದದ್ದು ಇಲಿಯನ್ನು, ‘ಇ’ಯನ್ನಲ್ಲ. ಚಿತ್ರ ತೋರಿಸುವುದು, ಚಪ್ಪಾಳೆ ತಟ್ಟಿಸುವುದು, ಅಕ್ಷರ ತಿದ್ದಿಸುವುದು ಎಲ್ಲ ಶಾಲೆಗಳಲ್ಲೂ ಇದೆ. ಇವು ಮಗುವನ್ನು ಅಕ್ಷರದ ಹತ್ತಿರಕ್ಕೆ ಕರೆದೊಯ್ಯುವ ಊರುಗೋಲುಗಳು. ಊರುಗೋಲನ್ನು ಯಾವಾಗ, ಹೇಗೆ ಬಿಡಿಸಬೇಕು ಎನ್ನುವುದರಲ್ಲೇ ಕಲಿಸುವವರ ಕೆಲಸವೆಲ್ಲ ಇದೆ.

ಕನ್ನಡದ 49 ಅಕ್ಷರಗಳನ್ನು ‘ಅ’ಯಿಂದ ‘ಳ’ವರೆಗೆ ಸಾಲಾಗಿ ಕಲಿಸಿದರೆ ಮಗುವಿಗೆ ಒಂದು ತೊಂದರೆಯಿದೆ. ಸ್ವರಗಳೆಲ್ಲ ಮುಗಿದರೂ ಓದಲು ಅದಕ್ಕೆ ಒಂದು ಪದ ಸಿಕ್ಕಿರುವುದಿಲ್ಲ. ಅದಕ್ಕೇ ನಲಿ-ಕಲಿಯ ತರಗತಿಗಳಲ್ಲಿ ಬೇರೆ ಕ್ರಮವಿದೆ. ಮೊದಲ ಗುಂಪು ರ, ಗ, ಸ, ದ, ಅ. ಈ ವ್ಯಂಜನಗಳಲ್ಲೆಲ್ಲ ‘ಅ’ಕಾರ ಆಗಲೇ ಸೇರಿಕೊಂಡಿರುವುದರಿಂದ ಗುಣಿತಾಕ್ಷರದ ಗೊಡವೆಯಿಲ್ಲದೆ ಸರ, ಅರಸ, ಅಗಸ, ಗರಗಸ ಎಂದು ಓದಬಹುದು. ಈ ಐದು ಅಕ್ಷರಗಳನ್ನೇ ಹಿಡಿದುಕೊಂಡು ಕಿವಿ, ಕಣ್ಣು, ಕೈ ಮೂರರ ಕೆಲಸವನ್ನೂ ನೋಡೋಣ.

ಮೊದಲು ಕಿವಿ. ಹಲಗೆಯ ಮೇಲೆ ಒಂದು ಗೆರೆ ಎಳೆಯುವ ಮುಂಚೆಯೇ ಚಪ್ಪಾಳೆ ಶುರುವಾಗಬೇಕು. ಮಕ್ಕಳ ಹೆಸರುಗಳಿಂದಲೇ ಆರಂಭಿಸುವುದು ಸುಲಭ. ರ-ವಿ ಎರಡು, ಕ-ಮ-ಲ ಮೂರು. ಆಮೇಲೆ ಸ-ರ, ಅ-ರ-ಸ, ಗ-ರ-ಗ-ಸ. ಒಂದು ತಟ್ಟಿಗೆ ಒಂದು ಅಕ್ಷರ. ಕನ್ನಡದಲ್ಲಿ ಈ ಲೆಕ್ಕ ಬಹುಪಾಲು ತಪ್ಪುವುದಿಲ್ಲ, ಏಕೆಂದರೆ ನಮ್ಮ ಮಾತಿನ ಪದಗಳು ಸಾಮಾನ್ಯವಾಗಿ ಸ್ವರದಲ್ಲೇ ಮುಗಿಯುತ್ತವೆ. ಬಸ್ಸನ್ನೂ ನಾವು ‘ಬಸ್ಸು’ ಎಂದೇ ಕರೆಯುತ್ತೇವೆ.

ಆದರೆ ‘ಹಕ್ಕಿ’ಗೆ ಚಪ್ಪಾಳೆ ತಟ್ಟಲು ಹೇಳಿ ನೋಡಿ. ಮಗು ‘ಹಕ್-ಕಿ’ ಎನ್ನುತ್ತದೆ, ನಾವು ಬರೆಯುವುದು ‘ಹ-ಕ್ಕಿ’. ಚಪ್ಪಾಳೆ ಎರಡೇ, ಅಕ್ಷರವೂ ಎರಡೇ, ಆದರೆ ಪದ ಮುರಿಯುವ ಜಾಗ ಬೇರೆ. ಇದನ್ನು ತಪ್ಪೆಂದು ತಿದ್ದಬಾರದು. ಮಗುವಿನ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿದೆ. ಮುಂದೆ ಒತ್ತಕ್ಷರ ಬಂದಾಗ “ನೀನು ಮೊದಲ ತಟ್ಟಿನಲ್ಲಿ ನಿಲ್ಲಿಸಿಕೊಂಡೆಯಲ್ಲ, ಆ ಕ್ ಈಗ ಪಕ್ಕದ ಅಕ್ಷರದ ಜೊತೆ ಸೇರಿಕೊಂಡಿದೆ” ಎಂದು ಹೇಳಿಕೊಡಲು ಇದೇ ಆಧಾರವಾಗುತ್ತದೆ. ಅಲ್ಲಿಯವರೆಗೆ ಒತ್ತಕ್ಷರವಿಲ್ಲದ ಪದಗಳನ್ನೇ ಆರಿಸಿಕೊಂಡರೆ ಸಾಕು.

ಚಪ್ಪಾಳೆಗೆ ಇನ್ನೊಂದು ಮಿತಿಯಿದೆ. ಅದು ಎಣಿಸುತ್ತದೆ, ಅಳೆಯುವುದಿಲ್ಲ. ‘ಬಳೆ’ಗೂ ‘ಬಾಳೆ’ಗೂ ಎರಡೆರಡೇ ತಟ್ಟು. ಹ್ರಸ್ವ ದೀರ್ಘಗಳ ವ್ಯತ್ಯಾಸ ಕೇಳಿಸಬೇಕಾದರೆ ದೀರ್ಘ ಬಂದಲ್ಲಿ ತಟ್ಟಿದ ಕೈಗಳನ್ನು ಹಾಗೇ ಎರಡು ಕಡೆಗೆ ಎಳೆಯಬೇಕು. ‘ಬಾ’ ಎನ್ನುತ್ತಾ ಕೈ ಎಳೆದ ಮಗುವಿಗೆ, ಮುಂದೆ ದೀರ್ಘದ ಗುರುತು ಯಾಕೆ ಬೇಕು ಎಂದು ಬೇರೆಯಾಗಿ ವಿವರಿಸಬೇಕಾಗುವುದಿಲ್ಲ.

ಆಮೇಲೆ ಕಣ್ಣು. ಪಟದ ಮೇಲಿನ ಚಿತ್ರ ಮಗು ಕಂಡ ವಸ್ತುವಾಗಿರಬೇಕು, ಮಗು ಅದನ್ನು ಕರೆಯುವ ಹೆಸರೂ ನಮ್ಮ ಅಕ್ಷರದಿಂದಲೇ ಶುರುವಾಗಬೇಕು. ಇಲಿಯ ಚಿತ್ರಕ್ಕೆ ಮಗು ‘ಹೆಗ್ಗಣ’ ಎಂದರೆ ‘ಇ’ ಅಲ್ಲಿಗೇ ಕೈತಪ್ಪಿತು. ‘ಈ’ಗೆ ಈಟಿಯ ಚಿತ್ರವಿದ್ದರೆ, ಈಟಿಯನ್ನೇ ಕಾಣದ ಮಗು ಅದನ್ನು ಕೋಲು ಎನ್ನುತ್ತದೆ. ಹಳೇ ಮೈಸೂರಿನ ಕಡೆ ಎಷ್ಟೋ ಮನೆಗಳಲ್ಲಿ ‘ಹಾವು’ ‘ಆವು’ ಆಗಿರುತ್ತದೆ. ಅಂಥ ಮಗುವಿಗೆ ‘ಆ’ದ ಪಟವನ್ನೂ ‘ಹ’ದ ಪಟವನ್ನೂ ಒಂದೇ ವಾರ ತೋರಿಸಿದರೆ ಗೊಂದಲ ಖಂಡಿತ. ಅದರ ಮನೆಮಾತನ್ನು ಹೀಗಳೆಯದೆ ಎರಡರ ನಡುವೆ ಕೆಲವು ವಾರ ಬಿಡಬೇಕು. ‘ಣ’, ‘ಳ’ಗಳಿಂದ ಶುರುವಾಗುವ ಪದಗಳನ್ನು ಬಲವಂತವಾಗಿ ಹುಡುಕುವುದೂ ಬೇಡ. ಬಾಣ, ಬಳೆ ಎಂದು ಪದದ ಕೊನೆಯಲ್ಲಿ ಕೇಳಿಸಿದರೆ ಸಾಕು.

ಪಕ್ಕದಲ್ಲಿಟ್ಟ ಚಿತ್ರಕ್ಕಿಂತ ಅಕ್ಷರದೊಳಗೇ ಅಡಗಿದ ಚಿತ್ರ ಹೆಚ್ಚು ಕೆಲಸ ಮಾಡುತ್ತದೆ. ‘ಗ’ವನ್ನು ದೊಡ್ಡದಾಗಿ ಬರೆದು ನೋಡಿ. ಕಮಾನು ಗಂಟೆಯ ಮೈ, ತಲೆಕಟ್ಟು ಅದರ ಹಿಡಿ. ನಾಲಗೆಯೊಂದನ್ನು ಬಣ್ಣದ ಸೀಮೆಸುಣ್ಣದಲ್ಲಿ ತೂಗುಬಿಟ್ಟರೆ ‘ಗ’ ಗಂಟೆಯಾಗುತ್ತದೆ. ಮರುದಿನ ನಾಲಗೆ ಒರೆಸಿದರೂ ಗಂಟೆಯ ರೂಪ ಅಲ್ಲೇ ಇರುತ್ತದೆ. ಪಕ್ಕದ ಇಲಿ ಮರೆಯಾದರೆ ‘ಇ’ ಹೊರಟುಹೋಗಬಹುದು, ಗಂಟೆ ಮಾತ್ರ ಅಕ್ಷರದ ಗೆರೆಗಳಲ್ಲೇ ಉಳಿದಿರುತ್ತದೆ. ಎಲ್ಲ ಅಕ್ಷರಗಳಿಗೂ ಇಂಥ ಚಿತ್ರ ಒದಗುವುದಿಲ್ಲ. ಎಳೆದು ತಂದ ಹೋಲಿಕೆಯನ್ನು ಮಗು ಅಕ್ಷರಕ್ಕಿಂತ ಹೆಚ್ಚು ಕಷ್ಟಪಟ್ಟು ನೆನಪಿಡಬೇಕಾಗುತ್ತದೆ.

ಕೊನೆಗೆ ಕೈ. ಅಕ್ಕಿಯ ಮೇಲೆ ಬೆರಳು ಹಿಡಿಸಿ ಬರೆಸುವ ಅಕ್ಷರಾಭ್ಯಾಸ ನಮಗೆ ಹೊಸದಲ್ಲ. ಮಾಂಟೆಸೊರಿ ಪದ್ಧತಿಯಲ್ಲಿ ಉಪ್ಪುಕಾಗದದಿಂದ ಕತ್ತರಿಸಿದ ಅಕ್ಷರದ ಮೇಲೆ ಮಗು ತೋರುಬೆರಳು, ನಡುಬೆರಳುಗಳನ್ನು ಆಡಿಸುತ್ತಾ ಅದರ ಧ್ವನಿಯನ್ನು ಹೇಳುತ್ತದೆ. ಅಂಥ ಸಲಕರಣೆ ಇಲ್ಲದ ಶಾಲೆಯಲ್ಲಿ ಒಂದು ತಟ್ಟೆ ಮತ್ತು ಜರಡಿ ಹಿಡಿದ ಮರಳು ಸಾಕು. ಬೆರಳು ಎಳೆದಾಗ ತಟ್ಟೆಯ ತಳ ಕಾಣುವಷ್ಟು ತೆಳುವಾಗಿ ಮರಳು ಹರಡಬೇಕು. ದಪ್ಪವಾದರೆ ಗೆರೆಯ ಅಂಚು ಕುಸಿದು ‘ರ’, ‘ದ’ ಎರಡೂ ಒಂದೇ ಗುಂಡಿಯಾಗುತ್ತವೆ.

ತಿದ್ದುವುದರಲ್ಲಿ ಆಗುವ ದೊಡ್ಡ ತಪ್ಪು ಪುಸ್ತಕದಲ್ಲಿ ಕಾಣುವುದಿಲ್ಲ, ಕೈಯಲ್ಲಿ ಕಾಣುತ್ತದೆ. ಚುಕ್ಕೆ ಸೇರಿಸುವ ಹಾಳೆ ಕೊಟ್ಟರೆ ಕೆಲವು ಮಕ್ಕಳು ‘ಸ’ವನ್ನು ಕೆಳಗಿನಿಂದ ಒಂದು ತುಂಡು, ಮೇಲಿನಿಂದ ಒಂದು ತುಂಡು ಎಂದು ಜೋಡಿಸುತ್ತಾರೆ. ಹಾಳೆ ನೋಡಿದರೆ ಅಚ್ಚುಕಟ್ಟು. ಚುಕ್ಕೆಗಳಿಲ್ಲದ ಸ್ಲೇಟು ಕೊಟ್ಟ ಕೂಡಲೇ ಬಳಪ ನಿಂತುಬಿಡುತ್ತದೆ, ಏಕೆಂದರೆ ಅಕ್ಷರದ ಓಟ ಕೈಗೆ ಹತ್ತಿಯೇ ಇಲ್ಲ. ಆದ್ದರಿಂದ ಎಲ್ಲಿಂದ ಶುರು ಎಂದು ತೋರಿಸುವ ಒಂದೇ ಬಣ್ಣದ ಚುಕ್ಕೆ ಇಟ್ಟು, ಕೈ ಹೋಗುವ ದಾರಿಯನ್ನು ಗಮನಿಸಬೇಕು. ಬಾಯಲ್ಲಿ ಧ್ವನಿ, ಮರಳಲ್ಲಿ ಬೆರಳು, ಹೀಗೆ ಮೂರು ಸಲ. ನಾಲ್ಕನೆಯ ಸಲ ಮರಳನ್ನು ಸಮ ಮಾಡಿ, ಮಾದರಿ ಮುಚ್ಚಿ, ನೆನಪಿನಿಂದ ಬರೆಯಬೇಕು. ಒಂದು ಪುಟ ತಿದ್ದಿಸಿದ್ದಕ್ಕಿಂತ ಈ ನಾಲ್ಕನೆಯ ಸಲ ಮೇಲು.

ಮೂರೂ ಒಂದಾಗುವುದು ಪದದಲ್ಲಿ. ‘ಅರಸ’ ಎಂದು ಹೇಳಿ, ಮೂರು ಚಪ್ಪಾಳೆ ತಟ್ಟಿ, ಪ್ರತಿ ತಟ್ಟಿಗೂ ಸ್ಲೇಟಿನಲ್ಲಿ ಒಂದು ಮನೆ ಹಾಕಿಸಿ, ಒಂದೊಂದು ಮನೆಯಲ್ಲೂ ಒಂದೊಂದು ಅಕ್ಷರ ತುಂಬಿಸುತ್ತೇವೆ. ಮನೆ ಮೂರಿದ್ದು ಅಕ್ಷರ ಎರಡೇ ಆದರೆ ಕಿವಿಯ ಕೆಲಸ ಬಾಕಿ. ಅಕ್ಷರ ಮೂರಿದ್ದೂ ‘ರ’ದ ಜಾಗದಲ್ಲಿ ‘ದ’ ಬಂದಿದ್ದರೆ ಕಣ್ಣು ಮತ್ತು ಕೈಗಳ ಕೆಲಸ ಬಾಕಿ. ತಪ್ಪು ಎಲ್ಲಿದೆಯೆಂದು ಸ್ಲೇಟೇ ಹೇಳುತ್ತದೆ.

ಇಲಿ ಕಾಣುತ್ತಿಲ್ಲ ಎಂದ ಆ ಹುಡುಗಿಯ ಜೊತೆ ಗೋಡೆಯ ಪಟ ಬಿಟ್ಟು ಈ ಐದು ಅಕ್ಷರಗಳಿಂದ ಮತ್ತೆ ಆರಂಭಿಸಿದೆ. ಒಂದು ದಿನ ಚಿತ್ರವಿಲ್ಲದ ಎರಡು ಕಾರ್ಡುಗಳನ್ನು ಅವಳ ಮುಂದಿಟ್ಟೆ. ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದು, ಎರಡು ಸಲ ಮೆಲ್ಲಗೆ ತಟ್ಟಿ, ‘ರಸ’ ಎಂದು ಓದಿದಳು. ನಾನು ಇನ್ನೊಂದು ಪದ ಹುಡುಕುವಷ್ಟರಲ್ಲಿ ತಾನೇ ಕಾರ್ಡುಗಳನ್ನು ಅದಲುಬದಲು ಮಾಡಿ, ಕ್ಷಣ ನೋಡಿ, ‘ಸರ’ ಎನ್ನುತ್ತಾ ಕತ್ತಿನ ಮಣಿಸರವನ್ನು ಮುಟ್ಟಿಕೊಂಡಳು.