ಬದನೆಯಲ್ಲಿ ಸಮಗ್ರ ಕೀಟ ನಿರ್ವಹಣೆ

ಬದನೆಯಲ್ಲಿ ಸಮಗ್ರ ಕೀಟ ನಿರ್ವಹಣೆ ಎಂದರೆ ಬಲೆ, ಸ್ವಾಭಾವಿಕ ಶತ್ರು ಮತ್ತು ಹಾನಿಯ ಮಟ್ಟ ನೋಡಿ ಮಾಡುವ ಸಿಂಪರಣೆಗಳನ್ನು ಒಟ್ಟಾಗಿ ಬಳಸುವ ಸಸ್ಯಸಂರಕ್ಷಣಾ ವಿಧಾನ. ಕೋಲಾರ ಜಿಲ್ಲೆಯ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಂತಹ ತರಕಾರಿ ಬೆಳೆಯುವ ಪ್ರದೇಶಗಳಲ್ಲಿ ಇದರ ಮುಖ್ಯ ಗುರಿ ಕುಡಿ ಮತ್ತು ಕಾಯಿ ಕೊರಕ. ಮೊಟ್ಟೆಯೊಡೆದ ಮರಿಹುಳು ಬೇಗನೆ ಕುಡಿ ಅಥವಾ ಕಾಯಿಯನ್ನು ಕೊರೆದು ಒಳಸೇರುವುದರಿಂದ, ಅನಂತರ ಸಿಂಪಡಿಸಿದ ಕೀಟನಾಶಕ ಅದನ್ನು ಸುಲಭವಾಗಿ ತಲುಪುವುದಿಲ್ಲ.

ಎಕರೆಗೆ ಸುಮಾರು 5 ಮೋಹಕ ಬಲೆಗಳನ್ನು ಗಿಡಗಳ ತುದಿಯ ಮಟ್ಟದಲ್ಲಿ ಕಟ್ಟುತ್ತಾರೆ. ಇವುಗಳಿಗೆ ಬೀಳುವುದು ಗಂಡು ಪತಂಗಗಳು ಮಾತ್ರ. ನೆರೆಹೊಲದಲ್ಲಿ ಕೂಡಿದ ಹೆಣ್ಣು ಪತಂಗ ಬಂದು ಮೊಟ್ಟೆಯಿಡಬಹುದಾದ್ದರಿಂದ ಅಕ್ಕಪಕ್ಕದ ರೈತರೂ ಬಲೆ ಕಟ್ಟಿದರೆ ಪರಿಣಾಮ ಹೆಚ್ಚು.

ಬಾಡಿದ ಕುಡಿಗಳನ್ನು ವಾರಕ್ಕೊಮ್ಮೆ ಕತ್ತರಿಸಿ ಸುಡಬೇಕು ಅಥವಾ ಆಳವಾಗಿ ಹೂಳಬೇಕು. ಬದುವಿನ ಮೇಲೆ ಎಸೆದರೆ ಒಳಗಿನ ಹುಳು ಕೋಶವಾಗಿ ಪತಂಗವಾಗುತ್ತದೆ. ಮೊಟ್ಟೆಗಳನ್ನು ಟ್ರೈಕೊಗ್ರಾಮ ಪರತಂತ್ರ ಕಣಜವೂ, ಮರಿಹುಳುಗಳನ್ನು ಟ್ರಥಾಲ ಕಣಜವೂ ನಾಶಪಡಿಸುತ್ತವೆ.

ಹಾನಿಯನ್ನು ಅಳೆಯಲು ಹೊಲದ ಬೇರೆ ಬೇರೆ ಕಡೆಯ 20 ಗಿಡಗಳಲ್ಲಿ ತಲಾ 5 ಕುಡಿಗಳನ್ನು ನೋಡಬಹುದು. ಮಿತಿಯನ್ನು ಶೇ. 5 ಎಂದಿಟ್ಟುಕೊಂಡರೆ, 100ರಲ್ಲಿ 3 ಬಾಡಿದ್ದರೆ ಕತ್ತರಿಸುವುದೇ ಸಾಕು. 6 ಬಾಡಿದ್ದರೆ ಮೊದಲು ಶೇ. 5ರ ಬೇವಿನ ಬೀಜದ ಕಷಾಯವನ್ನು ಸಿಂಪಡಿಸಬಹುದು. ಮಿತಿ ನೋಡದೆ ವಾರವಾರವೂ ತೀವ್ರ ಕೀಟನಾಶಕ ಸಿಂಪಡಿಸಿದರೆ ಕಣಜಗಳು ಸತ್ತು, ಕೊರಕವೇ ಉಳಿಯುತ್ತದೆ.