ರೀಲ್ ನೋಡಿದವರು ಸೀರೆ ನೋಡಲಿಲ್ಲ

ಹುಬ್ಬಳ್ಳಿಯ ಒಂದು ಓಣಿಯಲ್ಲಿ ಇಳಕಲ್ ಸೀರೆ, ಗುಳೇದಗುಡ್ಡ ಖಣ ಮಾರುವ ಪುಟ್ಟ ಅಂಗಡಿ ಇದೆ ಎಂದುಕೊಳ್ಳಿ. ಅದರ ಒಡತಿ ಇನ್‌ಸ್ಟಾಗ್ರಾಂನಲ್ಲಿ ಮೊದಲ ಮೂರು ರೀಲ್ ಹಾಕಿದ್ದಾರೆ. ಮೂರಕ್ಕೂ ವ್ಯೂಸ್ ಇನ್ನೂರು ದಾಟಿಲ್ಲ. "ನಮ್ಮ ಸೀರಿ ಯಾರಿಗೂ ಬ್ಯಾಡಾಗ್ಯಾವು" ಎಂದು ಫೋನ್ ಬದಿಗಿಡುತ್ತಾರೆ. ಕಾಲೇಜಿಗೆ ಹೋಗುವ ಅಕ್ಕನ ಮಗಳು ಮೊದಲ ರೀಲ್ ನೋಡಿ ಕೇಳುತ್ತಾಳೆ: "ಚಿಗವ್ವಾ, ಇದರಾಗ ಸೀರಿ ಎಲ್ಲೈತಿ?"

ಪ್ರಶ್ನೆ ಸರಿಯಾಗಿಯೇ ಇತ್ತು. 22 ಸೆಕೆಂಡಿನ ರೀಲ್. ಮೊದಲು ಶಟರ್ ಮೇಲೇಳುತ್ತದೆ, ಆಮೇಲೆ ಬೋರ್ಡು, ಆಮೇಲೆ ಕೈಮುಗಿದು ನಮಸ್ಕಾರ. ಸೀರೆ ಬರುವುದು ಎಂಟನೇ ಸೆಕೆಂಡಿಗೆ, ಅದೂ ಮಡಚಿಟ್ಟ ಥಪ್ಪಿಯಾಗಿ. ರೀಲಿನ ಲೆಕ್ಕದ ಪುಟ ತೆರೆದರೆ, ಜನ ಸರಾಸರಿ ನೋಡಿದ್ದು 3 ಸೆಕೆಂಡು. ಅಂದರೆ ಹೆಚ್ಚಿನವರು ಬೋರ್ಡು ಕಾಣುವ ಹೊತ್ತಿಗೇ ಬೆರಳಾಡಿಸಿ ಮುಂದೆ ಹೋಗಿದ್ದಾರೆ. ಸೀರೆಯನ್ನು ಯಾರೂ ಬೇಡವೆಂದಿಲ್ಲ, ಅವರಿಗೆ ಅದು ಕಂಡೇ ಇಲ್ಲ.

ವ್ಯೂಸ್ ಎಂಬ ಅಂಕಿ ಈ ಸಂಗತಿಯನ್ನು ಹೇಳುವುದಿಲ್ಲ. ರೀಲ್ ಓಡಲು ಶುರುವಾದರೆ ಸಾಕು, ಒಂದು ವ್ಯೂ. ಒಬ್ಬರೇ ಮತ್ತೆ ನೋಡಿದರೂ ಲೆಕ್ಕಕ್ಕೆ ಸೇರುತ್ತದೆ. ಇನ್‌ಸ್ಟಾಗ್ರಾಂ ಹೊಸ ರೀಲನ್ನು ಮೊದಲು ಸಣ್ಣ ಗುಂಪಿಗೆ ತೋರಿಸಿ, ಅವರು ಎಷ್ಟು ಹೊತ್ತು ನಿಂತರು, ಯಾರಿಗಾದರೂ ಕಳಿಸಿದರೇ ಎಂದು ನೋಡುತ್ತದೆ. ಅದರ ಮುಖ್ಯಸ್ಥ ಆಡಮ್ ಮೊಸ್ಸೆರಿ ಮುಖ್ಯವೆಂದು ಹೇಳಿರುವುದು ಮೂರನ್ನು: ನೋಡಿದ ಹೊತ್ತು, ಲೈಕ್, ಇನ್ನೊಬ್ಬರಿಗೆ ಕಳಿಸುವುದು. ನಮ್ಮನ್ನು ಫಾಲೋ ಮಾಡದವರನ್ನು ಮುಟ್ಟಲು ಕೊನೆಯದರ ತೂಕ ಹೆಚ್ಚು. ಸೀರೆ ಅಂಗಡಿಗೆ ಇದು ಹೇಳಿ ಮಾಡಿಸಿದ್ದು. ಹೆಣ್ಣುಮಕ್ಕಳು ಸೀರೆ ನೋಡಿದರೆ ಅಕ್ಕನಿಗೋ ನೆಗೆಣ್ಣಿಗೋ ಕಳಿಸದೆ ಇರುತ್ತಾರೆಯೇ!

ನಾಲ್ಕನೇ ರೀಲಿನಲ್ಲಿ ನಮಸ್ಕಾರ ಇಲ್ಲ. ಕೆಂಪು ಸೆರಗು ಬಿಚ್ಚಿಕೊಳ್ಳುವಲ್ಲಿಂದಲೇ ಶುರು. ಸೆರಗಿನ ಎಳೆಗಳನ್ನು ಮೈಯ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುವ ಇಳಕಲ್ ಕೈಚಳಕ ಹತ್ತಿರದಿಂದ ಕಾಣುತ್ತದೆ. ಪಕ್ಕದಲ್ಲಿ ಹೊಂದುವ ಖಣ, ಬೆಲೆ, ಓಣಿಯ ಹೆಸರು. 12 ಸೆಕೆಂಡಿಗೆ ಮುಗಿಯಿತು. ಬಾಗಿಲ ಬೆಳಕಲ್ಲೇ ತೆಗೆದದ್ದು, ಏಕೆಂದರೆ ಟ್ಯೂಬ್‌ಲೈಟಿನಡಿ ಬಣ್ಣ ಬದಲಾಗಿ ಕಂಡರೆ ಕೊಂಡವರು ಜಗಳಕ್ಕೆ ಬರುತ್ತಾರೆ.

ವ್ಯೂಸ್ 260. ದೊಡ್ಡ ಅಂಕಿಯೇನಲ್ಲ. ಆದರೆ ಸರಾಸರಿ ನೋಟ 8 ಸೆಕೆಂಡಿಗೆ ಏರಿದೆ, ಒಂಬತ್ತು ಜನ ಬೇರೆಯವರಿಗೆ ಕಳಿಸಿದ್ದಾರೆ, "ಹಸಿರು ಐತೇನ್ರಿ?" ಎಂದು ಕೇಳಿದವರಲ್ಲಿ ಇಬ್ಬರು ಅಂಗಡಿಗೇ ಬಂದಿದ್ದಾರೆ. ಹುಬ್ಬಳ್ಳಿಯ ಅಂಗಡಿಗೆ ಈ ಇಬ್ಬರು ಬೇಕು, ದೂರದೂರಿನ ಹತ್ತು ಸಾವಿರ ವ್ಯೂಸ್ ಅಲ್ಲ. ಹಾಗೆಂದು ಪ್ರತಿ ರೀಲೂ ಹೀಗೇ ಓಡುತ್ತದೆ ಎನ್ನುವಂತಿಲ್ಲ. ಸೆರಗಿನಿಂದ ಶುರುವಾದದ್ದೂ ಕೆಲವೊಮ್ಮೆ ಮಲಗುತ್ತದೆ.

ನಿಮ್ಮ ರೀಲೂ ಓಡದಿದ್ದರೆ ಸಿಟ್ಟಿನಲ್ಲಿ ಅಳಿಸಬೇಡಿ. ಖಾತೆಯನ್ನು ವ್ಯಾಪಾರದ ಖಾತೆಯಾಗಿ ಬದಲಿಸಿಕೊಂಡು, ಮುಂದಿನ ರೀಲಿನಲ್ಲಿ ಮೊದಲು ಸರಾಸರಿ ನೋಡಿದ ಹೊತ್ತನ್ನು ನೋಡಿ. ಆಮೇಲೆ ನಿಮ್ಮ ಸರಕು ಎಷ್ಟನೇ ಸೆಕೆಂಡಿಗೆ ಕಾಣುತ್ತದೆ ಎಂದು ಎಣಿಸಿ.