ಏಳನೇ ಪುಟದ ಕೋಷ್ಟಕ

ಕೆಲವು ವರ್ಷಗಳ ಹಿಂದೆ, ನಾನಿದ್ದ ಸ್ವಯಂಸೇವಾ ಸಂಸ್ಥೆಯೊಂದು ಬಯಲುಸೀಮೆಯ ತಾಲ್ಲೂಕೊಂದರಲ್ಲಿ 40 ಕೊಳವೆಬಾವಿಗಳ ನೀರು ಪರೀಕ್ಷೆ ಮಾಡಿಸಿತ್ತು. ಫ್ಲೋರೈಡ್ ಎಷ್ಟಿದೆ ಎಂದು ನೋಡಿ ಜಿಲ್ಲಾ ಪಂಚಾಯಿತಿಗೆ ವರದಿ ಕೊಡಬೇಕಿತ್ತು. ಬರೆದವರು ನನ್ನ ಸಹೋದ್ಯೋಗಿ, ಕೆಲಸಕ್ಕೆ ಸೇರಿ ವರ್ಷವಾಗಿತ್ತಷ್ಟೇ. ಶನಿವಾರ ಸಂಜೆ ಕರಡು ಓದಿ ಮುಗಿಸಿದವನು ಕೂಡಲೇ ಮೇಲ್ ಹಾಕಿದೆ: "ಮೇಡಂ, ವರದಿ ನೋಡಿದೆ. 2ನೇ ಪುಟದ ಅಂಕಿಗೂ 7ನೇ ಪುಟದ ಕೋಷ್ಟಕಕ್ಕೂ ತಾಳೆಯಾಗುತ್ತಿಲ್ಲ. ಯಾಕೆ ಹೀಗಾಗಿದೆ? ಕಳಿಸುವ ಮುಂಚೆ ಒಮ್ಮೆ ನೋಡಬೇಕಿತ್ತು. ಸೋಮವಾರದೊಳಗೆ ಸರಿಪಡಿಸಿ." ಸಿಸಿಯಲ್ಲಿ ನಮ್ಮ ಯೋಜನಾ ಸಂಯೋಜಕರ ಹೆಸರನ್ನೂ ಸೇರಿಸಿದ್ದೆ.

ಸೋಮವಾರ ಬೆಳಿಗ್ಗೆ ಉತ್ತರ ಬಂತು. "ಸರಿಪಡಿಸಲಾಗಿದೆ." ಇದ್ದದ್ದು ಅಷ್ಟೇ.

ತಪ್ಪು ಏನಿತ್ತು ಎಂದು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಫ್ಲೋರೈಡಿಗೆ ಎರಡು ಮಿತಿಗಳಿವೆ. ಲೀಟರಿಗೆ 1 ಮಿಲಿಗ್ರಾಂವರೆಗೆ ಇದ್ದರೆ ಸ್ವೀಕಾರಾರ್ಹ. ಬೇರೆ ನೀರಿನ ಮೂಲವೇ ಇಲ್ಲವೆಂದಾದರೆ 1.5ರವರೆಗೆ ಒಪ್ಪಿಕೊಳ್ಳಬಹುದು. ನಮ್ಮ 40 ಬಾವಿಗಳಲ್ಲಿ 17 ಬಾವಿಗಳು 1ರ ಒಳಗಿದ್ದವು, 9 ಬಾವಿಗಳು 1 ಮತ್ತು 1.5ರ ನಡುವೆ, 14 ಬಾವಿಗಳು ಅದಕ್ಕೂ ಮೇಲೆ. 2ನೇ ಪುಟದ ಸಾರಾಂಶ "23 ಬಾವಿಗಳ ನೀರು ಯೋಗ್ಯವಲ್ಲ" ಎನ್ನುತ್ತಿತ್ತು. 7ನೇ ಪುಟದ ಕೋಷ್ಟಕದಲ್ಲಿ ಅದು 14. ಒಂದು ಕಡೆ 1ರ ಮಿತಿ, ಇನ್ನೊಂದು ಕಡೆ 1.5ರ ಮಿತಿ.

ನನ್ನ ಮೇಲ್ ಓದಿದ ಆಕೆ ಮಾಡಿದ್ದು ಏನು? 2ನೇ ಪುಟದ 23ನ್ನು ಅಳಿಸಿ 14 ಎಂದು ಬರೆದರು. ಅಂಕಿ ತಾಳೆಯಾಯಿತು, ವರದಿ ಮಾತ್ರ ಮೊದಲಿಗಿಂತ ಕೆಟ್ಟಿತು. ನಡುವಿನ 9 ಬಾವಿಗಳು ಸಾರಾಂಶದಿಂದಲೇ ಮಾಯವಾದವು. ಆ ಬಾವಿಗಳ ಪಕ್ಕದಲ್ಲೇ ಒಳ್ಳೆಯ ನೀರಿನ ಇನ್ನೊಂದು ಮೂಲವಿದ್ದರೆ ಅದನ್ನು ಬಳಸಿ ಎಂದು ಹೇಳುವುದಕ್ಕೆ ಇದ್ದ ಜಾಗವೇ ಹೋಯಿತು. ಆಮೇಲೆ ಚಹಾ ಕುಡಿಯುತ್ತಾ ಕೇಳಿದಾಗ ಗೊತ್ತಾಯಿತು, ಸಾರಾಂಶದಲ್ಲಿ 1ರ ಮಿತಿಯನ್ನು ಆಕೆ ಬೇಕೆಂದೇ ಹಿಡಿದಿದ್ದರಂತೆ. ಆ ಹಳ್ಳಿಗಳ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ನೋಡಿ ಬಂದಿದ್ದರು. "ಮತ್ತೆ ಯಾಕೆ ಬದಲಾಯಿಸಿದಿರಿ?" ಎಂದೆ. "ನೀವು ಕಾರಣ ಕೇಳಿದಂತೆ ಅನ್ನಿಸಲಿಲ್ಲ ಸರ್, ಬೈದಂತೆ ಅನ್ನಿಸಿತು" ಎಂದರು.

ತಪ್ಪು ಹೊರಿಸುವ ಮೇಲ್‌ನಿಂದ ಆಗುವ ನಿಜವಾದ ನಷ್ಟ ಇದು. ಮನಸ್ಸಿಗೆ ನೋವಾಗುತ್ತದೆ ಎನ್ನುವುದು ಒಂದು ಮಾತು. ಅದಕ್ಕಿಂತ ಮುಖ್ಯವಾಗಿ, ಬೈಸಿಕೊಂಡವರು ವಿಚಾರ ಮಾಡುವುದನ್ನು ಬಿಟ್ಟು ತೇಪೆ ಹಚ್ಚುತ್ತಾರೆ. ತಮಗೆ ಗೊತ್ತಿದ್ದನ್ನೂ ಹೇಳುವುದಿಲ್ಲ. "ಸರಿಪಡಿಸಲಾಗಿದೆ" ಎಂಬ ಒಂಟಿ ಪದ ಉತ್ತರವಾಗಿ ಬಂದರೆ ನಿಮ್ಮ ಮೇಲ್ ಬಹುಶಃ ಎಡವಿದೆ ಎಂದೇ ತಿಳಿಯಿರಿ. ಸಹಾಯವೆಂದು ತೆಗೆದುಕೊಂಡವರ ಉತ್ತರದಲ್ಲಿ ಸಾಮಾನ್ಯವಾಗಿ ಒಂದು ಮರುಪ್ರಶ್ನೆಯೋ "ಇಲ್ಲ, ಅದು ಹಾಗಲ್ಲ" ಎಂಬ ತಕರಾರೋ ಇರುತ್ತದೆ.

ಬೈಯುವ ಉದ್ದೇಶ ನನಗಿರಲಿಲ್ಲ. ಆದರೆ ಉದ್ದೇಶ ಮೇಲ್‌ನಲ್ಲಿ ಹೋಗಿ ತಲುಪುವುದಿಲ್ಲ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮೊದಲಾದ ಅಮೆರಿಕದ ಮನಶ್ಶಾಸ್ತ್ರಜ್ಞರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ತೋರಿಸಿದವು. ಬರೆದವರಿಗೆ ತಮ್ಮ ಧಾಟಿ ಓದುವವರಿಗೆ ತಿಳಿದೇ ತಿಳಿಯುತ್ತದೆ ಎಂಬ ಭರವಸೆ, ಓದಿದವರು ಅದನ್ನು ಹಿಡಿದದ್ದು ಮಾತ್ರ ಅದಕ್ಕಿಂತ ಎಷ್ಟೋ ಕಡಿಮೆ. ಬರೆಯುವಾಗ ನಮ್ಮ ದನಿ ನಮ್ಮ ಕಿವಿಯಲ್ಲಿ ಕೇಳುತ್ತಿರುತ್ತದೆ, ಓದುವವರಿಗೆ ಅದು ಕೇಳುವುದಿಲ್ಲ.

ಕನ್ನಡದಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ನಮ್ಮ ಕಚೇರಿ ಕನ್ನಡ ಬೆಳೆದದ್ದೇ ಸುತ್ತೋಲೆ ಮತ್ತು ಕಾರಣ ಕೇಳುವ ನೋಟಿಸುಗಳಲ್ಲಿ. "ಲೋಪ ಕಂಡುಬಂದಿದೆ", "ಗಮನಕ್ಕೆ ತರಲಾಗಿದೆ" ಎಂದ ಕೂಡಲೇ ಓದುವವರು ಸಮಜಾಯಿಷಿ ಕೊಡಲು ಅಣಿಯಾಗುತ್ತಾರೆ. "ಯಾಕೆ" ಎಂಬ ಪದವೂ ಹಾಗೆಯೇ, ಎದುರಿಗೆ ನಗುತ್ತಾ ಕೇಳಿದರೆ ಕುತೂಹಲ, ಬರೆದರೆ ವಿಚಾರಣೆ. "ಈ ಅಂಕಿ ಹೇಗೆ ಬಂತು?" ಎಂದು ಕೇಳಿದರೆ ಅದೇ ಉತ್ತರ ಸಿಗುತ್ತದೆ, ಚುಚ್ಚುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು "ಬೇಕಿತ್ತು". "ನೋಡಬೇಕಿತ್ತು" ಎಂದರೆ ಕಾಲ ಮುಗಿದುಹೋಗಿದೆ, ಇನ್ನು ಆಕೆ ಮಾಡುವುದಕ್ಕೆ ಏನೂ ಉಳಿದಿಲ್ಲ. "ಸೇರಿಸಿದರೆ" ಎಂದು ಬರೆದರೆ ಕೆಲಸ ಮುಂದಕ್ಕೆ ಇದೆ.

ಇವತ್ತಾದರೆ ಆ ಮೇಲನ್ನು ಹೀಗೆ ಬರೆಯುತ್ತೇನೆ:

"ಮೇಡಂ, ನಮಸ್ತೆ. ಕರಡು ಪೂರ್ತಿ ಓದಿದೆ. ಪ್ರತಿ ಬಾವಿಯ ಪಕ್ಕ ಎಷ್ಟು ಮನೆಗಳು ಅದನ್ನು ಬಳಸುತ್ತವೆ ಎಂದು ಕೊಟ್ಟಿದ್ದೀರಲ್ಲ, ಪಂಚಾಯಿತಿಯವರು ಮೊದಲು ಕೇಳುವುದು ಅದನ್ನೇ. ಒಂದು ಕಡೆ ನನಗೆ ಗೊಂದಲವಾಯಿತು. 2ನೇ ಪುಟದಲ್ಲಿ ಯೋಗ್ಯವಲ್ಲದ ಬಾವಿಗಳು 23 ಎಂದಿದೆ, 7ನೇ ಪುಟದಲ್ಲಿ 14. ಒಂದರಲ್ಲಿ 1ರ ಮಿತಿ, ಇನ್ನೊಂದರಲ್ಲಿ 1.5ರ ಮಿತಿ ಬಂದಿರಬಹುದೇ? ಹಾಗಿದ್ದರೆ ಯಾವುದನ್ನೂ ತೆಗೆಯುವುದು ಬೇಡ, ಮೂರು ಗುಂಪು ಮಾಡಿ ತೋರಿಸಿದರೆ ಸ್ಪಷ್ಟವಾಗುತ್ತದೆ ಎನ್ನಿಸುತ್ತದೆ. ನೀವು ಬೇರೆ ಕಾರಣಕ್ಕೆ ಹೀಗೆ ಮಾಡಿದ್ದರೆ ತಿಳಿಸಿ. ಗುರುವಾರ ಮುದ್ರಣಕ್ಕೆ ಹೋಗಬೇಕು, ಬುಧವಾರ ಮಧ್ಯಾಹ್ನದೊಳಗೆ ಮುಗಿದರೆ ಸಾಕು."

ಇದರಲ್ಲಿ ಸಿಹಿ ಲೇಪಿಸಿಲ್ಲ, ತಪ್ಪನ್ನು ಮುಚ್ಚಿಲ್ಲ. ಪುಟ, ಅಂಕಿ, ಗಡುವು ಎಲ್ಲ ಇವೆ. ಹೊಗಳಿಕೆಯೂ ಒಂದು ನಿರ್ದಿಷ್ಟ ವಿಷಯದ್ದು. "ಚೆನ್ನಾಗಿದೆ, ಆದರೆ" ಎಂದು ಶುರು ಮಾಡಿದರೆ "ಚೆನ್ನಾಗಿದೆ"ಯನ್ನು ಯಾರೂ ಓದುವುದಿಲ್ಲ, "ಆದರೆ"ಗಾಗಿ ಕಾಯುತ್ತಾರೆ. ತಪ್ಪಿನ ಮಾತು ಬಂದಾಗ ವಾಕ್ಯದ ಕರ್ತೃ "ನೀವು" ಅಲ್ಲ, 2ನೇ ಪುಟ. ಗೊಂದಲವಾಗಿದ್ದು ಓದುಗನಾದ ನನಗೆ, ಅದು ನಿಜವೂ ಹೌದು.

ಸಿಸಿಯಲ್ಲಿ ಯಾರ ಹೆಸರೂ ಇರಬಾರದು. ಮೇಲಧಿಕಾರಿಯ ಹೆಸರು ಕಂಡ ಕ್ಷಣ ಅದು ದೂರಿನ ಪತ್ರವಾಗುತ್ತದೆ, ಒಳಗೆ ಎಷ್ಟೇ ಮೃದುವಾಗಿ ಬರೆದಿದ್ದರೂ. ಸಂಯೋಜಕರಿಗೆ ತಿಳಿಸಲೇಬೇಕಿದ್ದರೆ ಕೆಲಸ ಮುಗಿದ ಮೇಲೆ ಆಕೆಯೇ ತಿಳಿಸಲಿ. ಹಾಗೆಯೇ ಕಡತದ ತುಂಬ ಕೆಂಪು ಗುರುತು ಮಾಡಿ ಕಳಿಸುವ ಚಾಳಿಯೂ ಬೇಡ. ಕಾಗುಣಿತ ತಿದ್ದುವುದಿದ್ದರೆ ಸುಮ್ಮನೆ ತಿದ್ದಿಕೊಡಿ. ಮೇಲ್‌ನಲ್ಲಿ ವರದಿಯ ಅರ್ಥವನ್ನೇ ಬದಲಿಸುವ ಎರಡು ಮೂರು ವಿಷಯ ಮಾತ್ರ ಇರಲಿ. "ನಾನಾಗಿದ್ದರೆ ಈ ಪದ ಬಳಸುತ್ತಿರಲಿಲ್ಲ" ಎನ್ನುವುದು ನಿಮ್ಮ ರುಚಿ, ಅದನ್ನು ತಪ್ಪಿನ ಸಾಲಿಗೆ ಸೇರಿಸಿದರೆ ನಿಜವಾದ ತಪ್ಪಿನ ತೂಕ ಇಳಿಯುತ್ತದೆ.

ಮೇಲ್‌ಗೆ ಒಗ್ಗದ ಸಂಗತಿಗಳೂ ಇವೆ. ಪರೀಕ್ಷೆ ಮಾಡದೆಯೇ ಅಂಕಿ ತುಂಬಿದ್ದಾರೆ ಎಂಬ ಅನುಮಾನ ಬಂದರೆ ಅದು ಸಲಹೆಯ ವಿಷಯವಲ್ಲ, ಎದುರು ಕೂತು ಪ್ರಯೋಗಾಲಯದ ವರದಿ ತೆರೆದು ಮಾತಾಡಬೇಕು. ವರದಿಯನ್ನು ಮೊದಲಿನಿಂದ ಬರೆಯಬೇಕಾದ ಸ್ಥಿತಿಯಿದ್ದರೂ ಮೊದಲು ಫೋನ್ ಮಾಡಿ, ಒಪ್ಪಿಕೊಂಡದ್ದನ್ನು ಆಮೇಲೆ ಬರೆದು ಕಳಿಸಿ.

ನಮ್ಮ ವರದಿ ಮುದ್ರಣಕ್ಕೆ ಹೋಗುವ ಮುನ್ನ ಇಬ್ಬರೂ ಕೂತು ತಿದ್ದಿದೆವು. 2ನೇ ಪುಟದಲ್ಲಿ ಈಗ ಮೂರು ಸಾಲುಗಳಿವೆ: 17 ಬಾವಿಗಳ ನೀರು ಕುಡಿಯಬಹುದು, 9 ಬಾವಿಗಳ ನೀರು ಬೇರೆ ಮೂಲವಿಲ್ಲದಿದ್ದರೆ ಮಾತ್ರ, 14 ಬಾವಿಗಳ ನೀರು ಕುಡಿಯುವುದಕ್ಕೆ ಬೇಡ. ನಡುವಿನ ಸಾಲನ್ನು ಬರೆದವರು ಆಕೆ.